ದಮ್ಮಿನವರಿಗೆ ನಿದ್ದೆ ಗುಳಿಗೆ: ಯಾವುದು ನಡೆಯುತ್ತದೆ, ಯಾವುದು ಸದ್ದಿಲ್ಲದೆ ಉಸಿರು ಕುಗ್ಗಿಸುತ್ತದೆ

ಸೇಡಂ ಕಡೆಯ ಹಳ್ಳಿಯಿಂದ ಬಂದಿದ್ದ ಮಗ, ವಾರ್ಡಿನ ಬಾಗಿಲ ಹತ್ತಿರ ನಿಂತು ಫೋನಿನಲ್ಲಿ ಒಂದು ವಿಡಿಯೊ ತೋರಿಸಿದ. ಹಿಂದಿನ ರಾತ್ರಿಯದು. ಅವನ ಅಪ್ಪ, ನಾನು ಮುತ್ಯಾ ಅನ್ನುವವರು, ಮಂಚದ ಮೇಲೆ ಅಂಗಾತ ಮಲಗಿದ್ದಾರೆ. ಮೂಗಿಗೆ ಆಕ್ಸಿಜನ್ ನಳಿಕೆ. ಬೆರಳಿಗೆ ಪಲ್ಸ್ ಆಕ್ಸಿಮೀಟರ್, ಅದರಲ್ಲಿ 97. ಮುಖದಲ್ಲಿ ಸಂಕಟವಿಲ್ಲ, ಕೆಮ್ಮಿಲ್ಲ.

"ನೋಡ್ರಿ ಸಾಹೇಬ್ರ, ತಿಂಗಳಾಗಿತ್ತು ಹಿಂಗ ಮಲಗಿ. ಎಷ್ಟ್ ಛಲೋ ಮಲಗ್ಯಾರ ನೋಡ್ರಿ. ಮುಂಜಾನಿ ಎಬ್ಬಸಲಾಕ ಹೋದ್ರ ಏಳವಲ್ರು."

ಆ ವಿಡಿಯೊ ನನ್ನ ತಲೆಯಿಂದ ಹೋಗಿಲ್ಲ. ಮನೆಯವರ ತಪ್ಪು ಅದರಲ್ಲಿ ಒಂದೂ ಇರಲಿಲ್ಲ. ಎರಡು ವಾರದಿಂದ ಮುತ್ಯಾ ರಾತ್ರಿಯಿಡೀ ದಿಂಬಿಗೆ ಒರಗಿ ಕೂತೇ ಇರುತ್ತಿದ್ದರು. ಮಲಗಿದರೆ ಸಾಕು, ದಮ್ಮು ಏರುತ್ತಿತ್ತು. ಪಾಪ ಅಂತ ಯಾರೋ 0.5 ಮಿಲಿಗ್ರಾಂನ ಅಲ್ಪ್ರಜೋಲಾಮ್ ಕೊಡಿಸಿದ್ದರು. ಎರಡನೇ ರಾತ್ರಿ ಗುಳಿಗೆಯ ಜೊತೆ ಆಕ್ಸಿಜನ್ ಮೆಷಿನ್ನಿನ ತಿರುಗಣೆಯನ್ನೂ ಒಂದು ಲೀಟರಿನಿಂದ ನಾಲ್ಕಕ್ಕೆ ಏರಿಸಿದರು. ಅಪ್ಪ ಮಲಗಿದರು. ಮನೆಯವರೂ ಬಹಳ ದಿನದ ಮೇಲೆ ಮಲಗಿದರು.

ನಾನು ಕಲಬುರಗಿಯಲ್ಲಿ ಎದೆ ರೋಗಗಳ ವೈದ್ಯ. ಜೋಳದ ಹೊಲದವರು, ಶಹಾಬಾದ್ ಕಲ್ಲಿನ ಗಣಿಯಲ್ಲಿ ದುಡಿದವರು, ದಾಲ್ ಮಿಲ್ಲಿನ ದೂಳು ಕುಡಿದವರು, ನಲವತ್ತು ವರ್ಷ ಬೀಡಿ ಸೇದಿದವರು, ಬೀಡಿಯನ್ನೇ ಮುಟ್ಟದೆ ತೊಗರಿ ಕಟ್ಟಿಗೆಯ ಒಲೆ ಮುಂದೆ ಕೂತ ತಾಯಂದಿರು, ಎಲ್ಲರೂ ಕೊನೆಗೆ ಕೇಳುವುದು ಒಂದೇ: "ನಿದ್ದಿ ಗುಳಿಗಿ ಒಂದು ಬರೀರಿ." ಯಾವ ಗುಳಿಗೆಯಿಂದ ಏನಾಗುತ್ತದೆ, ಯಾರಿಗೆ ಯಾವುದು ನಡೆಯುತ್ತದೆ ಎಂದು ಇಲ್ಲಿ ಹೋಲಿಸಿ ಬರೆದಿದ್ದೇನೆ. ಆದರೆ ಗುಳಿಗೆಗೆ ಮುಂಚೆ, ಮುತ್ಯಾನ ಎದೆಯಲ್ಲಿ ಆ ರಾತ್ರಿ ಏನಾಯಿತು ಅಂತ ಹೇಳಬೇಕು. ಅದು ಗೊತ್ತಾದರೆ ಆಯ್ಕೆ ಅರ್ಧ ಮುಗಿದಂತೆ.

50 ಎಂ.ಎಲ್. ಕಡಿಮೆಯಾದರೆ ಏನಾಗುತ್ತದೆ

ಉಸಿರಿಗೆ ಎರಡು ಕೆಲಸ. ಆಕ್ಸಿಜನ್ ಒಳಗೆ ತರುವುದು, ಕಾರ್ಬನ್ ಡೈಆಕ್ಸೈಡ್ ಹೊರಗೆ ಹಾಕುವುದು. ಬೆರಳಿನ ಮೆಷಿನ್ನು ಮೊದಲನೆಯದನ್ನು ಮಾತ್ರ ನೋಡುತ್ತದೆ. ಎರಡನೆಯದರ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ.

ನಾವು ಎಳೆದುಕೊಂಡ ಗಾಳಿಯೆಲ್ಲ ರಕ್ತಕ್ಕೆ ತಾಕುವುದಿಲ್ಲ. ಒಂದಿಷ್ಟು ಗಂಟಲು, ಶ್ವಾಸನಾಳಗಳಲ್ಲೇ ಉಳಿದು ಹಾಗೇ ವಾಪಸ್ ಬರುತ್ತದೆ. ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗಿ ವರ್ಷಗಟ್ಟಲೆ ಬಿಡದ ದಮ್ಮಿನ ರೋಗ ಇರುವವರಲ್ಲಿ ಹೀಗೆ ಸುಮ್ನೆ ಹೋಗಿ ಬರುವ ಗಾಳಿ ಇನ್ನೂ ಜಾಸ್ತಿ. ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳೋಣ. ಮುತ್ಯಾನ ಒಂದು ಉಸಿರು 350 ಎಂ.ಎಲ್., ಅದರಲ್ಲಿ ವ್ಯರ್ಥವಾಗುವುದು 200. ನಿಜವಾಗಿ ಕೆಲಸಕ್ಕೆ ಬರುವುದು 150. ನಿಮಿಷಕ್ಕೆ 22 ಉಸಿರು ಅಂದರೆ 3.3 ಲೀಟರ್.

ಈಗ ಗುಳಿಗೆ ಹಾಕಿದರು. ಉಸಿರು 350 ಇದ್ದದ್ದು 300ಕ್ಕೆ ಇಳಿಯಿತು. 22 ಸಲ ಇದ್ದದ್ದು 20 ಸಲ ಆಯಿತು. ಪಕ್ಕದಲ್ಲಿ ಕೂತು ನೋಡಿದರೂ ಯಾರಿಗೂ ಗೊತ್ತಾಗುವಷ್ಟು ವ್ಯತ್ಯಾಸವಲ್ಲ ಅಲ್ವಾ? ಆದರೆ ವ್ಯರ್ಥವಾಗುವ 200 ಹಾಗೇ ಇದೆ. ಕೆಲಸಕ್ಕೆ ಬರುವುದು 100 ಮಾತ್ರ. 20 ಸಲಕ್ಕೆ 2 ಲೀಟರ್. 3.3 ಇದ್ದದ್ದು 2ಕ್ಕೆ ಬಂತು. ರಕ್ತದ ಕಾರ್ಬನ್ ಡೈಆಕ್ಸೈಡ್ ಅದಕ್ಕೆ ತಕ್ಕಂತೆ ಏರುತ್ತದೆ. ಮೊದಲು 52 ಇದ್ದರೆ, ಹೀಗೇ ಮುಂದುವರಿದಾಗ ಸುಮಾರು 86ರ ಹತ್ತಿರ ಹೋಗುತ್ತದೆ. ಆರೋಗ್ಯವಂತರಲ್ಲಿ ಇದು 35ರಿಂದ 45ರ ಒಳಗಿರುತ್ತದೆ.

ಉಸಿರು ನಿಲ್ಲಲಿಲ್ಲ. ಏದುಸಿರಿಲ್ಲ, ಗೊರಗೊರ ಸದ್ದಿಲ್ಲ. ಸ್ವಲ್ಪ ತೆಳ್ಳಗಾಯಿತು, ಅಷ್ಟೇ. ಇದಕ್ಕೇ ನಾನು ಸದ್ದಿಲ್ಲದೆ ಕುಗ್ಗುವುದು ಅನ್ನುವುದು.

ನಮಗೆ ನಿಮಗೆ ಹೀಗಾದರೆ ಮಿದುಳು ತಡೆಯುವುದಿಲ್ಲ. ಕಾರ್ಬನ್ ಡೈಆಕ್ಸೈಡ್ ಸ್ವಲ್ಪ ಏರಿದರೂ ದಮ್ಮು ಹತ್ತಿಸಿ ಎಬ್ಬಿಸುತ್ತದೆ. ಆದರೆ ವರ್ಷಗಟ್ಟಲೆ ಅದು ರಕ್ತದಲ್ಲಿ ಜಾಸ್ತಿಯಿದ್ದವರ ಮಿದುಳು ಅದಕ್ಕೆ ಹೊಂದಿಕೊಂಡಿರುತ್ತದೆ. ಮೂತ್ರಪಿಂಡಗಳು ಬೈಕಾರ್ಬನೇಟ್ ಉಳಿಸಿಕೊಂಡು ರಕ್ತದ ಹುಳಿಯನ್ನು ಸರಿದೂಗಿಸಿರುತ್ತವೆ. ಎಚ್ಚರಿಕೆಯ ಗಂಟೆಯ ಸದ್ದು ಮೊದಲೇ ಸಣ್ಣದಾಗಿರುತ್ತದೆ. ನಿದ್ದೆಯಲ್ಲಿ ಅದು ಇನ್ನೂ ಸಣ್ಣದಾಗುತ್ತದೆ. ಕನಸಿನ ನಿದ್ದೆಯಲ್ಲಂತೂ ಕತ್ತು, ಪಕ್ಕೆಗಳ ಸ್ನಾಯುಗಳು ಸಡಿಲಾಗಿ, ಉಸಿರಿನ ಭಾರವೆಲ್ಲ ಎದೆ ಹೊಟ್ಟೆಗಳ ನಡುವಿನ ಸ್ನಾಯುವಾದ ವಪೆಯ ಮೇಲೆ ಬೀಳುತ್ತದೆ. ಸಿಒಪಿಡಿಯಲ್ಲಿ ಪುಪ್ಪುಸ ಉಬ್ಬಿ, ಆ ವಪೆ ಮೊದಲೇ ಚಪ್ಪಟೆಯಾಗಿರುತ್ತದೆ. ಅದರ ಮೇಲೆ ನಿದ್ದೆ ಗುಳಿಗೆ. ಕೊನೆಗೆ ಕಾರ್ಬನ್ ಡೈಆಕ್ಸೈಡ್ ತಾನೇ ಮಂಪರು ಬರಿಸುತ್ತದೆ. ಮಂಪರು ಬಂದಷ್ಟೂ ಉಸಿರು ತೆಳ್ಳಗಾಗುತ್ತದೆ, ಉಸಿರು ತೆಳ್ಳಗಾದಷ್ಟೂ ಮಂಪರು ಏರುತ್ತದೆ.

97ರ ವಿಷಯಕ್ಕೆ ಬರೋಣ. ಮುತ್ಯಾ ಬರೀ ಗಾಳಿಯಲ್ಲಿ ಮಲಗಿದ್ದರೆ, ಕಾರ್ಬನ್ ಡೈಆಕ್ಸೈಡ್ 86ಕ್ಕೆ ಹೋಗುವಷ್ಟರಲ್ಲಿ ಆಕ್ಸಿಮೀಟರ್ 80ರ ಕೆಳಗೆ ಬಿದ್ದು ಕೂಗಿಕೊಳ್ಳುತ್ತಿತ್ತು. ಯಾಕೆಂದರೆ ಪುಪ್ಪುಸದ ಗೂಡಿನಲ್ಲಿ ಕಾರ್ಬನ್ ಡೈಆಕ್ಸೈಡ್ ತುಂಬಿಕೊಂಡಷ್ಟೂ ಆಕ್ಸಿಜನ್ನಿಗೆ ಜಾಗ ಕಡಿಮೆ. ಆದರೆ ಮೂಗಿನಿಂದ ಹೆಚ್ಚು ಆಕ್ಸಿಜನ್ ಹೋಗುತ್ತಿತ್ತು. ಉಳಿದ ಚೂರು ಜಾಗವನ್ನೂ ಅದು ತುಂಬಿತು, ಮೆಷಿನ್ನು 97 ತೋರಿಸಿತು. ಸಾಲದ್ದಕ್ಕೆ ಇಂಥವರಲ್ಲಿ ಅತಿಯಾದ ಆಕ್ಸಿಜನ್ ತಾನೂ ಕಾರ್ಬನ್ ಡೈಆಕ್ಸೈಡ್ ಏರಿಸುತ್ತದೆ. ಕೆಟ್ಟ ಗೂಡುಗಳ ಕಡೆಗೆ ರಕ್ತ ತಿರುಗುವುದು ಅದಕ್ಕೆ ದೊಡ್ಡ ಕಾರಣ. ಅದಕ್ಕೇ ಕಾರ್ಬನ್ ಡೈಆಕ್ಸೈಡ್ ಉಳಿಯುವವರಿಗೆ ನಾವು ಇಡುವ ಗುರಿ 88ರಿಂದ 92. ಇವರಲ್ಲಿ ಆಕ್ಸಿಜನ್ ಹಾಕಿಕೊಂಡು 97 ಬಂದರೆ ಅದು ನೆಮ್ಮದಿಯ ಅಂಕಿ ಅಲ್ಲ, ತಿರುಗಣೆ ಇಳಿಸಬೇಕು ಅನ್ನುವ ಅಂಕಿ.

ದವಾಖಾನೆಗೆ ಬಂದಾಗ ಮಣಿಕಟ್ಟಿನ ರಕ್ತ ತೆಗೆದು ಎಬಿಜಿ, ಅಂದರೆ ರಕ್ತದ ಅನಿಲಗಳನ್ನು ಅಳೆಯುವ ಪರೀಕ್ಷೆ ಮಾಡಿದೆವು. ರಕ್ತದ ಹುಳಿ ಏರಿದಷ್ಟೂ ಇಳಿಯುವ ಪಿಎಚ್ 7.22, ಕಾರ್ಬನ್ ಡೈಆಕ್ಸೈಡ್ 88, ಬೈಕಾರ್ಬನೇಟ್ 35. ಮೂರು ತಿಂಗಳ ಹಿಂದಿನ ಹಾಳೆ ಮಗನ ಚೀಲದಲ್ಲೇ ಇತ್ತು: 7.38, 52, 30. ಗುಳಿಗೆ ಕೊಡಿಸುವ ಮೊದಲು ಆ ಹಾಳೆಯನ್ನು ಯಾರಾದರೂ ಬಿಚ್ಚಿ ನೋಡಿದ್ದರೆ ಸಾಕಿತ್ತು.

ಮೊದಲು, ನಿಮ್ಮವರು ಯಾವ ಗುಂಪು?

ಸಿಒಪಿಡಿ ಇರುವ ಎಲ್ಲರಿಗೂ ಈ ಅಪಾಯ ಒಂದೇ ಸಮ ಇರುವುದಿಲ್ಲ. ಮೆಟ್ಟಿಲು ಹತ್ತಿದರೆ ಮಾತ್ರ ದಮ್ಮು ಬರುವವರು ಬೇರೆ, ಕಾರ್ಬನ್ ಡೈಆಕ್ಸೈಡ್ ಉಳಿಯುವವರು ಬೇರೆ. ಹಳೆ ಎಬಿಜಿಯಲ್ಲಿ ಕಾರ್ಬನ್ ಡೈಆಕ್ಸೈಡ್ 45ಕ್ಕಿಂತ ಮೇಲಿದ್ದರೆ ಉತ್ತರ ಸಿಕ್ಕಿತು. ಎಬಿಜಿ ಮಾಡಿಸಿಯೇ ಇಲ್ಲ ಅಂದರೂ ಸುಳಿವುಗಳಿವೆ. ಹಿಂದೆ ಒಮ್ಮೆಯಾದರೂ ಬೈಪ್ಯಾಪ್ ಎಂಬ ಗಾಳಿ ತಳ್ಳುವ ಮಾಸ್ಕಿನ ಮೆಷಿನ್ನು ಹಾಕಿದ್ದರೆ, ಸಾಮಾನ್ಯ ರಕ್ತಪರೀಕ್ಷೆಯಲ್ಲಿ ಬೈಕಾರ್ಬನೇಟ್ 27ರ ಮೇಲೆ ಇದ್ದರೆ, ಎಚ್ಚರವಿದ್ದಾಗಲೇ ಬರೀ ಗಾಳಿಯಲ್ಲಿ ಆಕ್ಸಿಮೀಟರ್ 92 ಅಥವಾ ಕಡಿಮೆ ತೋರಿಸಿದರೆ, ಮುಂಜಾನೆ ಎದ್ದ ಕೂಡಲೇ ತಲೆ ಸಿಡಿಯುತ್ತಿದ್ದರೆ, ಕಾಲು ಬಾವು ಬರುತ್ತಿದ್ದರೆ, ಜೋರು ಗೊರಕೆಯ ದಪ್ಪ ಮೈಯವರಾಗಿದ್ದರೆ, ಇವರನ್ನು ಅಪಾಯದ ಗುಂಪು ಎಂದೇ ತಿಳಿದು ನಡೆಯಿರಿ. ಮುಂದೆ ಬರೆದಿರುವುದೆಲ್ಲ ಈ ಗುಂಪಿಗಾಗಿ.

ಅಲ್ಪ್ರಜೋಲಾಮ್, ಡಯಾಜೆಪಾಮ್, ಕ್ಲೋನಾಜೆಪಾಮ್, ಲೋರಾಜೆಪಾಮ್

ಈ ನಾಲ್ಕೂ ಒಂದೇ ಮನೆತನದವು. ಆತಂಕ ಇಳಿಸುತ್ತವೆ, ನಿದ್ದೆ ಬರಿಸುತ್ತವೆ, ಸ್ನಾಯು ಸಡಿಲ ಮಾಡುತ್ತವೆ. ಎರಡನೆಯದು, ಮೂರನೆಯದು ಸೇರಿ ನಮ್ಮವರಿಗೆ ಕುತ್ತು. ಗಂಟಲಿನ ಸ್ನಾಯು ಸಡಿಲಾದರೆ ದಾರಿ ಕಿರಿದಾಗುತ್ತದೆ. ಉಸಿರಿನ ಆಳ ಕಡಿಮೆಯಾಗುತ್ತದೆ. ಕಾರ್ಬನ್ ಡೈಆಕ್ಸೈಡ್ ಏರಿದಾಗ ಎಬ್ಬಿಸುವ ಗಂಟೆಯೂ ಮಂಕಾಗುತ್ತದೆ.

ಇವುಗಳ ನಡುವೆ ಮುಖ್ಯ ವ್ಯತ್ಯಾಸ ಎಷ್ಟು ಹೊತ್ತು ಮೈಯಲ್ಲಿ ಇರುತ್ತವೆ ಅನ್ನುವುದು. ವಯಸ್ಸಾದವರಲ್ಲಿ ಅಲ್ಪ್ರಜೋಲಾಮ್ ಅರ್ಧ ಇಳಿಯಲು 16 ಗಂಟೆಯ ಹತ್ತಿರ ಬೇಕು. ಕ್ಲೋನಾಜೆಪಾಮ್‌ಗೆ 30ರಿಂದ 40 ಗಂಟೆ. ಡಯಾಜೆಪಾಮ್ ಒಡೆದು ಆಗುವ ಪದಾರ್ಥವೂ ಮಂಪರು ಬರಿಸುವಂಥದ್ದೇ, ಅದು ದಿನಗಟ್ಟಲೆ ಇರುತ್ತದೆ. ಅಂದರೆ ಎರಡನೇ ರಾತ್ರಿಯ ಗುಳಿಗೆ ಮೊದಲನೆಯದರ ಮೇಲೆ ಕೂರುತ್ತದೆ. "ಮೊದಲ್ನೇ ದಿನ ಏನೂ ಆಗಿಲ್ರಿ" ಅಂತ ಮನೆಯವರು ಹೇಳುವುದು ನಿಜ. ಅನಾಹುತ ಆಗುವುದು ಎಷ್ಟೋ ಸಲ ಎರಡನೇ, ಮೂರನೇ ರಾತ್ರಿ.

"ಲೋರಾಜೆಪಾಮ್ ಹಗುರ" ಅನ್ನುವ ಮಾತಿದೆ. ಯಕೃತ್ತಿಗೆ ಅದರ ಭಾರ ಕಡಿಮೆ ಅನ್ನುವುದು ಸರಿ. ಉಸಿರಿಗೆ ಹಗುರ ಅನ್ನುವುದು ತಪ್ಪು. ಕಾರ್ಬನ್ ಡೈಆಕ್ಸೈಡ್ ಉಳಿಯುವವರಿಗೆ ಮನೆಯಲ್ಲಿ ನಿದ್ದೆಗಾಗಿ ಈ ನಾಲ್ಕರಲ್ಲಿ ಯಾವುದನ್ನೂ ನಾನು ಬರೆಯುವುದಿಲ್ಲ. "ಕಾಲು ಗುಳಿಗಿ ಕೊಡ್ರಿ ಸಾಕು" ಅಂದರೂ ಇಲ್ಲ.

ಒಂದು ಎಚ್ಚರಿಕೆ ಮಾತ್ರ ಇಲ್ಲಿ ನಿಧಾನವಾಗಿ ಓದಿ. ತಿಂಗಳುಗಟ್ಟಲೆ ಇವನ್ನು ತೆಗೆದುಕೊಳ್ಳುತ್ತಿರುವವರು ಇದನ್ನು ಓದಿ ಇಂದು ರಾತ್ರಿಯೇ ನಿಲ್ಲಿಸಬೇಡಿ. ಒಮ್ಮೆಲೇ ಬಿಟ್ಟರೆ ಮೈ ನಡುಗಿ, ಕಂಗಾಲಾಗಿ, ಫಿಟ್ಸ್ ಕೂಡ ಬರಬಹುದು. ಡಾಕ್ಟರ ಜೊತೆ ಮಾತಾಡಿ ವಾರ ವಾರಕ್ಕೆ ಸ್ವಲ್ಪ ಸ್ವಲ್ಪ ಇಳಿಸಬೇಕು.

ಜೋಲ್ಪಿಡೆಮ್

ಇದು ಬೇಗ ಇಳಿಯುತ್ತದೆ, ಎರಡು ಮೂರು ಗಂಟೆಯಲ್ಲಿ ಅರ್ಧ ಖಾಲಿ. ಸ್ನಾಯು ಸಡಿಲ ಮಾಡುವುದೂ ಕಡಿಮೆ. ರೋಗ ಹತೋಟಿಯಲ್ಲಿದ್ದು ಕಾರ್ಬನ್ ಡೈಆಕ್ಸೈಡ್ ಸರಿಯಿರುವವರಲ್ಲಿ ರಕ್ತದ ಅಂಕಿಗಳು ಅಷ್ಟೇನೂ ಬದಲಾಗುವುದಿಲ್ಲ. ಹಾಗಾಗಿ "ಅಲ್ಪ್ರಜೋಲಾಮ್ ಬದಲು ಇದು" ಅಂತ ಬರೆಯುವವರಿದ್ದಾರೆ. ನನ್ನ ತಕರಾರು ಇಷ್ಟೇ: ಆ ಭರವಸೆ ಬಂದದ್ದು ಹಗುರ ರೋಗದವರಿಂದ. ಅದನ್ನು 52ರಲ್ಲಿ ನಿಂತಿರುವ ಮುತ್ಯಾನಿಗೆ ಎತ್ತಿ ಹಾಕಲಾಗದು. ಮೇಲಾಗಿ ವಯಸ್ಸಾದವರು ಅರ್ಧ ನಿದ್ದೆಯಲ್ಲಿ ಮೂತ್ರಕ್ಕೆ ಎದ್ದು ಬಿದ್ದು ಸೊಂಟ ಮುರಿದುಕೊಳ್ಳುತ್ತಾರೆ. ಅಲ್ಪ್ರಜೋಲಾಮ್‌ಗಿಂತ ವಾಸಿ ಅನ್ನಬಹುದು, ಸುರಕ್ಷಿತ ಅನ್ನಲಾರೆ.

ನಿದ್ದೆ ಗುಳಿಗೆ ಅಂತ ಹೆಸರಿಲ್ಲದ ನಿದ್ದೆ ಗುಳಿಗೆಗಳು

ನನಗೆ ಜಾಸ್ತಿ ಹೆದರಿಕೆ ಇವುಗಳದ್ದೇ. ಯಾಕೆಂದರೆ ಕೇಳಿದರೆ "ಇಲ್ರೀ, ನಿದ್ದಿ ಗುಳಿಗಿ ತಗೊಂಡಿಲ್ಲ" ಅನ್ನುತ್ತಾರೆ. ಅದು ಸುಳ್ಳೂ ಅಲ್ಲ.

ಸೊಂಟ ನೋವಿಗೆ ಕೊಟ್ಟ ಟ್ರಮಡಾಲ್ ಅಫೀಮಿನ ಗುಣದ್ದು. ಕೆಮ್ಮಿನ ಸಿರಪ್ಪಿನ ಕೋಡೀನ್ ಕೂಡ ಹಾಗೇ. ಕೆಮ್ಮು ನಿಲ್ಲುತ್ತದೆ, ಕಫ ಒಳಗೇ ಉಳಿಯುತ್ತದೆ, ಉಸಿರೂ ಇಳಿಯುತ್ತದೆ. ಶುಗರಿನವರ ಅಂಗಾಲು ಉರಿಗೆ ಬರೆಯುವ ಪ್ರಿಗಾಬಲಿನ್, ಗ್ಯಾಬಪೆಂಟಿನ್ ಬಗ್ಗೆ ಬಹಳ ಜನರಿಗೆ ಗೊತ್ತೇ ಇಲ್ಲ. ಸಿಒಪಿಡಿ ಇರುವವರಲ್ಲಿ, ವಯಸ್ಸಾದವರಲ್ಲಿ ಇವು ಉಸಿರು ಕುಗ್ಗಿಸಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2019ರ ಡಿಸೆಂಬರಿನಲ್ಲೇ ಎಚ್ಚರಿಸಿದೆ. ಇವು ಮೂತ್ರಪಿಂಡದ ಮೂಲಕ ಹೊರಹೋಗುತ್ತವೆ. ಕ್ರಿಯಾಟಿನಿನ್ ಏರಿದವರಲ್ಲಿ ಅದೇ ಡೋಸು ದುಪ್ಪಟ್ಟಿನಂತೆ ಕೆಲಸ ಮಾಡುತ್ತದೆ. ಅಫೀಮಿನ ಗುಣದ ಔಷಧ ಮತ್ತು ಅಲ್ಪ್ರಜೋಲಾಮ್ ಮನೆತನ, ಇವೆರಡನ್ನು ಒಟ್ಟಿಗೆ ಕೊಡುವುದರ ಬಗ್ಗೆ 2016ರಲ್ಲಿ ಅದೇ ಸಂಸ್ಥೆ ತನ್ನ ಅತ್ಯಂತ ಗಟ್ಟಿ ಎಚ್ಚರಿಕೆ ಹಾಕಿತು.

ನೆಗಡಿಯ ಫೆನಿರಮಿನ್, ಕ್ಲೋರ್‌ಫೆನಿರಮಿನ್ ಒಂದೇ ಇದ್ದರೆ ಉಸಿರನ್ನು ಅಷ್ಟು ಹಿಡಿಯುವುದಿಲ್ಲ. ಆದರೆ ಬಾಯಿ, ಕಫ ಎರಡನ್ನೂ ಒಣಗಿಸುತ್ತವೆ, ಪ್ರಾಸ್ಟೇಟ್ ತೊಂದರೆ ಇರುವವರಿಗೆ ಮೂತ್ರ ಕಟ್ಟುತ್ತವೆ, ಮುದುಕರಿಗೆ ರಾತ್ರಿ ಗಲಿಬಿಲಿ ತರುತ್ತವೆ. ಆ ಗಲಿಬಿಲಿ ನೋಡಿ ಇನ್ನೊಬ್ಬರು ನಿದ್ದೆ ಗುಳಿಗೆ ಕೊಟ್ಟಿರುವುದನ್ನೂ ನೋಡಿದ್ದೇನೆ.

ಇನ್ನು ಕುಡಿತ. ಸಂಜೆ ಒಂದು ಕ್ವಾರ್ಟರ್ ಹಾಕಿದವರ ಉಸಿರಿಗೆ ಅದೂ ಒಂದು ನಿದ್ದೆ ಗುಳಿಗೆಯೇ. ಯಾದಗಿರಿ, ಸೇಡಂ, ತೆಲಂಗಾಣದ ಗಡಿಯ ಕಡೆ ಇನ್ನೊಂದು ಇದೆ. ಸೇಂದಿ. ಕಲಬೆರಕೆ ಸೇಂದಿಯಲ್ಲಿ ಕ್ಲೋರಲ್ ಹೈಡ್ರೇಟ್, ಅಂದರೆ ಜನ ಸಿ.ಎಚ್. ಪೌಡರ್ ಅನ್ನುವುದು, ಡಯಾಜೆಪಾಮ್, ಅಲ್ಪ್ರಜೋಲಾಮ್ ಬೆರೆಸುವುದು ಹೊಸದಲ್ಲ. ಇಂಥ ಸೇಂದಿ ಕುಡಿಯುವ ದಮ್ಮಿನ ಮನುಷ್ಯ ಲೆಕ್ಕವಿಲ್ಲದ ಡೋಸು ನುಂಗುತ್ತಿದ್ದಾನೆ. ಅವನು ದವಾಖಾನೆಗೆ ಸೇರಿದ ಮೂರನೇ ದಿನ ಕೈ ನಡುಗಿ ಹುಚ್ಚುಹುಚ್ಚಾಗಿ ಮಾತಾಡಿದರೆ, ಅದು ಸೇಂದಿ ನಿಂತದ್ದರಿಂದಲೂ ಇರಬಹುದು. ಅಣ್ಣಾ, ಅಕ್ಕಾ, ನಾಚಿಕೆ ಬಿಟ್ಟು ಡಾಕ್ಟರಿಗೆ ಹೇಳಿ. ನಾವು ಬೈಯುವುದಕ್ಕೆ ಕೇಳುವುದಿಲ್ಲ.

ಮೆಲಟೋನಿನ್

ಸಂಜೆ ಕತ್ತಲಾದಾಗ ಮಿದುಳು ತಾನೇ ಬಿಡುವ ಪದಾರ್ಥ ಇದು. ಗುಳಿಗೆಯಾಗಿ 2 ಅಥವಾ 3 ಮಿಲಿಗ್ರಾಂ, ಮಲಗುವುದಕ್ಕೆ ಒಂದೆರಡು ಗಂಟೆ ಮುಂಚೆ. ಉಸಿರನ್ನು ಹಿಡಿಯುವುದಿಲ್ಲ ಎನ್ನುವಷ್ಟು ಹಗುರ. ಸಿಒಪಿಡಿಯವರಲ್ಲಿ ಮಾಡಿದ ಸಣ್ಣ ಅಧ್ಯಯನದಲ್ಲಿ ನಿದ್ದೆ ಸ್ವಲ್ಪ ಸುಧಾರಿಸಿದೆ. ಅದರ ಮಿತಿಯನ್ನೂ ಹೇಳುತ್ತೇನೆ. ಅಲ್ಪ್ರಜೋಲಾಮ್‌ನ ರುಚಿ ಕಂಡವರಿಗೆ ಇದು "ಏನೂ ಆಗಲಿಲ್ಲ" ಅನ್ನಿಸುತ್ತದೆ. ಅದು ಹೊಡೆದು ಮಲಗಿಸುವುದಿಲ್ಲ, ನಿದ್ದೆಯ ಹೊತ್ತನ್ನು ಮಾತ್ರ ಸರಿ ಮಾಡುತ್ತದೆ. ಅಪಾಯದ ಗುಂಪಿನವರಿಗೆ ಗುಳಿಗೆ ಬೇಕೇ ಬೇಕು ಅಂದರೆ ನಾನು ಮೊದಲು ಕೈ ಹಾಕುವುದು ಇದಕ್ಕೇ. ಎರಡು ವಾರ ನೋಡಿ, ಉಪಯೋಗ ಕಾಣದಿದ್ದರೆ ನಿಲ್ಲಿಸುತ್ತೇನೆ.

ಮಾರ್ಫಿನ್: ಭಯ ಎಲ್ಲಿ ಇರಬೇಕೋ ಅಲ್ಲಿಲ್ಲ

ಮಾರ್ಫಿನ್ ಅಂದರೆ ಮನೆಯವರು ಮಾತ್ರವಲ್ಲ, ಡಾಕ್ಟರುಗಳೂ ಹಿಂದೆ ಸರಿಯುತ್ತಾರೆ. ಅಲ್ಪ್ರಜೋಲಾಮ್ ಅಂದರೆ ಯಾರೂ ಹೆದರುವುದಿಲ್ಲ. ಸ್ವೀಡನ್ನಿನಲ್ಲಿ ಮನೆಯಲ್ಲೇ ಆಕ್ಸಿಜನ್ ಹಾಕಿಕೊಳ್ಳುವ ಸಿಒಪಿಡಿ ರೋಗಿಗಳನ್ನು ಗಮನಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯೇ ಹೇಳಿತು. ದಿನಕ್ಕೆ 30 ಮಿಲಿಗ್ರಾಂ ಮಾರ್ಫಿನ್ನಿನಷ್ಟು ಅಥವಾ ಅದಕ್ಕಿಂತ ಕಡಿಮೆ ತೆಗೆದುಕೊಂಡವರಲ್ಲಿ ಸಾವು ಹೆಚ್ಚಿರಲಿಲ್ಲ. ಅಲ್ಪ್ರಜೋಲಾಮ್ ಮನೆತನದ ಗುಳಿಗೆ ತೆಗೆದುಕೊಂಡವರಲ್ಲಿ ಡೋಸು ಏರಿದಂತೆ ಸಾವೂ ಏರಿತ್ತು. ಇದು ಗಮನಿಸಿ ಬರೆದ ಅಧ್ಯಯನ, ಚೀಟಿ ಎತ್ತಿ ಗುಂಪು ಮಾಡಿದ್ದಲ್ಲ. ಕಾರಣ ಇದೇ ಎಂದು ಅದರಿಂದಲೇ ಹೇಳಲಾಗದು.

ಹಾಗಂತ ಮಾರ್ಫಿನ್ ನಿದ್ದೆಯ ಔಷಧವಲ್ಲ. ಎಲ್ಲ ಚಿಕಿತ್ಸೆ ಮುಗಿದ ಮೇಲೂ ಕೂತಲ್ಲೇ ದಮ್ಮು ಬಿಡದವರಿಗೆ, ಉಪಶಮನ ಚಿಕಿತ್ಸೆ ಬಲ್ಲವರು, ಒಂದು ಸಲಕ್ಕೆ 1ರಿಂದ 2.5 ಮಿಲಿಗ್ರಾಂನಿಂದ ಶುರು ಮಾಡಿ, ಮಲಬದ್ಧತೆಗೆ ಔಷಧವನ್ನೂ ಜೊತೆಗೆ ಕೊಟ್ಟು, ನೋಡಿ ನೋಡಿ ಏರಿಸುವಂಥದ್ದು. ಎಲ್ಲರಿಗೂ ಅದರಿಂದ ದಮ್ಮು ಇಳಿಯುವುದೂ ಇಲ್ಲ. ಬದುಕಿನ ಕೊನೆಯ ದಿನಗಳಲ್ಲಿರುವವರ ಲೆಕ್ಕ ಮಾತ್ರ ಪೂರ್ತಿ ಬೇರೆ. ಅಲ್ಲಿ ಸಂಕಟ ಇಳಿಸುವುದೇ ಮುಖ್ಯ, ಅಂಕಿ ಅಲ್ಲ.

ನಿದ್ದೆ ಯಾಕೆ ಬರುತ್ತಿಲ್ಲ ಅಂತ ಕೇಳಿದರೆ

ಮುತ್ಯಾನ ಔಷಧದ ಚೀಲವನ್ನು ಮಂಚದ ಮೇಲೆ ಸುರಿದು ನೋಡಿದೆ. ರಾತ್ರಿ ಊಟವಾದ ಮೇಲೆ ಎರಡನೇ ಡೋಸು ಸ್ಟಿರಾಯ್ಡ್. ಅದೇ ಹೊತ್ತಿಗೆ ಥಿಯೋಫಿಲಿನ್ ಗುಳಿಗೆ. ಸಂಜೆ ಆರಕ್ಕೆ ಕಾಲು ಬಾವಿನ ಮೂತ್ರದ ಗುಳಿಗೆ. ಸ್ಟಿರಾಯ್ಡ್ ನಿದ್ದೆ ಕೆಡಿಸುತ್ತದೆ. ಥಿಯೋಫಿಲಿನ್ ಚಹಾದ ಅಣ್ಣ, ಎದೆ ಡವಗುಟ್ಟಿಸಿ ಎಚ್ಚರ ಇಡುತ್ತದೆ. ಮೂತ್ರದ ಗುಳಿಗೆ ರಾತ್ರಿ ನಾಲ್ಕು ಸಲ ಎಬ್ಬಿಸುತ್ತದೆ. ನಿದ್ದೆ ಕೆಡಿಸುವ ಮೂರು ಔಷಧ ಸಂಜೆ ಕೊಟ್ಟು, ನಾಲ್ಕನೆಯದಾಗಿ ನಿದ್ದೆ ಗುಳಿಗೆ ಕೊಟ್ಟಂತಾಗಿತ್ತು. ಸ್ಟಿರಾಯ್ಡ್ ಪೂರ್ತಿ ಮುಂಜಾನೆಗೆ, ಮೂತ್ರದ ಗುಳಿಗೆ ಮುಂಜಾನೆಗೆ, ಥಿಯೋಫಿಲಿನ್ ಬೇಕೇ ಅಂತ ಮತ್ತೆ ಯೋಚನೆ, ರಾತ್ರಿಗೆ ದೀರ್ಘ ಕಾಲ ಕೆಲಸ ಮಾಡುವ ಇನ್‌ಹೇಲರ್. ನಿಮ್ಮ ಮನೆಯಲ್ಲೂ ಹೀಗೆ ಇದ್ದರೆ, ಹೊತ್ತು ಬದಲಿಸುವ ಮೊದಲು ಬರೆದುಕೊಟ್ಟ ಡಾಕ್ಟರನ್ನು ಒಂದು ಮಾತು ಕೇಳಿ.

ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿತ್ತು. ಮುತ್ಯಾ ಎರಡು ವಾರದಿಂದ ಮಲಗದೆ ಕೂತದ್ದು ಏಕೆ? ಮಲಗಿದರೆ ಕಾರ್ಬನ್ ಡೈಆಕ್ಸೈಡ್ ಏರುತ್ತಿತ್ತು. ಅವರ ಮಿದುಳು ಉಳಿದ ಶಕ್ತಿಯಲ್ಲಿ ಎಬ್ಬಿಸಿ ಕೂರಿಸುತ್ತಿತ್ತು. ಆ ಎಚ್ಚರವೇ ಅವರನ್ನು ಕಾಯುತ್ತಿತ್ತು. ನಾವು ಗುಳಿಗೆ ಕೊಟ್ಟು ಕಾವಲುಗಾರನನ್ನೇ ಮಲಗಿಸಿದೆವು.

ಬೈಪ್ಯಾಪ್

ಇಂಥವರಿಗೆ ನಿಜವಾದ ನಿದ್ದೆ ಔಷಧ ಅಂದರೆ ಮುಖಕ್ಕೆ ಬಿಗಿಯಾಗಿ ಕೂರುವ ಮಾಸ್ಕು, ಅದರ ಹಿಂದೆ ಗಾಳಿ ತಳ್ಳುವ ಮೆಷಿನ್ನು. ಉಸಿರು ಎಳೆದಾಗ ಜೋರಾಗಿ ತಳ್ಳುತ್ತದೆ, ಬಿಟ್ಟಾಗ ಮೆಲ್ಲಗೆ. ಕಡಿಮೆಯಾಗಿದ್ದ ಆ 50 ಎಂ.ಎಲ್. ಇದು ವಾಪಸ್ ಕೊಡುತ್ತದೆ. ಪಿಎಚ್ 7.35ಕ್ಕಿಂತ ಕೆಳಗೆ, ಕಾರ್ಬನ್ ಡೈಆಕ್ಸೈಡ್ 45ಕ್ಕಿಂತ ಮೇಲೆ ಇದ್ದರೆ ದವಾಖಾನೆಯಲ್ಲಿ ಇದನ್ನು ಶುರು ಮಾಡುತ್ತೇವೆ.

ಮುತ್ಯಾನಿಗೆ ಆಕ್ಸಿಜನ್ ಇಳಿಸಿ 88ರಿಂದ 92ರಲ್ಲಿ ನಿಲ್ಲಿಸಿ, ಬೈಪ್ಯಾಪ್ ಹಾಕಿದೆವು. ಒಂದು ಗಂಟೆಯಾದ ಮೇಲೆ ಮತ್ತೆ ಎಬಿಜಿ: ಪಿಎಚ್ 7.27, ಕಾರ್ಬನ್ ಡೈಆಕ್ಸೈಡ್ 77. ಕಣ್ಣು ಬಿಟ್ಟರು. ಎಚ್ಚರ ಬಂದ ಕೂಡಲೇ ಮಾಸ್ಕು ಕಿತ್ತರು. ಮಗ ಗಾಬರಿಯಿಂದ "ಒಂದು ಮಲಗೋ ಸೂಜಿ ಹಾಕ್ರಿ ಸಾಹೇಬ್ರ" ಅಂದ. ಎಲ್ಲರೂ ಜಾರುವ ಜಾಗ ಇದು. ಇಲ್ಲಿ ಮಿಡಜೋಲಾಮ್ ಹಾಕಿದರೆ ಈಗಷ್ಟೇ ಹತ್ತಿದ ಮೆಟ್ಟಿಲು ಇಳಿದಂತೆ. ನಾವು ಮಾಡಿದ್ದು ಬೇರೆ. ಮಾಸ್ಕಿನ ಅಳತೆ ಬದಲಿಸಿದೆವು, ಮೂಗಿನ ಮೇಲೆ ಒತ್ತುತ್ತಿದ್ದ ಜಾಗಕ್ಕೆ ಪಟ್ಟಿ ಹಾಕಿದೆವು. ಒತ್ತಡ ಇಳಿಸಿ ಮೆಲ್ಲಗೆ ಏರಿಸಿದೆವು. ಎರಡು ಗಂಟೆಗೊಮ್ಮೆ ಐದು ನಿಮಿಷ ಬಿಚ್ಚಿ ನೀರು ಕುಡಿಸಿದೆವು. ಸೊಸೆ ಕೈ ಹಿಡಿದು "ಮಾವಾ, ನಾ ಇಲ್ಲೇ ಅದೀನ್ರಿ" ಅನ್ನುತ್ತ ಕೂತಳು. ಇಷ್ಟಕ್ಕೂ ಆಗದಿದ್ದರೆ ಬಹಳ ಸಣ್ಣ ಡೋಸಿನ ಹ್ಯಾಲೊಪೆರಿಡಾಲ್ ಇದೆ, ಹೃದಯದ ಇಸಿಜಿ ನೋಡಿಕೊಂಡು. ಐಸಿಯುದಲ್ಲಿ ಡೆಕ್ಸ್‌ಮೆಡೆಟೊಮಿಡಿನ್ ಎಂಬ ಡ್ರಿಪ್ ಇದೆ. ಅದು ಉಸಿರನ್ನು ಅಷ್ಟು ಹಿಡಿಯದೆ ಸಮಾಧಾನ ಕೊಡುತ್ತದೆ, ಆದರೆ ನಾಡಿ, ಬಿಪಿ ಇಳಿಸುತ್ತದೆ. ಅದು ವಾರ್ಡಿನ ಔಷಧವಲ್ಲ, ಮನೆಯದಂತೂ ಅಲ್ಲವೇ ಅಲ್ಲ.

ಅಲ್ಪ್ರಜೋಲಾಮ್‌ಗೆ ಪ್ರತಿಮದ್ದು ಇಲ್ಲವೇ ಅಂತ ಕೇಳುತ್ತಾರೆ. ಫ್ಲೂಮಜೆನಿಲ್ ಇದೆ. ಒಂದು ಗಂಟೆಯ ಹತ್ತಿರ ಅದರ ಆಟ ಮುಗಿಯುತ್ತದೆ, ಗುಳಿಗೆ ಇನ್ನೂ ಮೈಯಲ್ಲೇ ಇರುತ್ತದೆ, ರೋಗಿ ಮತ್ತೆ ಮಂಪರಿಗೆ ಜಾರುತ್ತಾರೆ. ಬಹಳ ದಿನದಿಂದ ಗುಳಿಗೆ ತೆಗೆದುಕೊಂಡವರಿಗೆ ಅದು ಫಿಟ್ಸ್ ತರಬಹುದು. ಅದಕ್ಕೇ ನಾವು ಮೊದಲು ಕೈಗೆ ತೆಗೆದುಕೊಳ್ಳುವುದು ಮೆಷಿನ್ನನ್ನೇ.

ಮಾರನೇ ದಿನ ಮುಂಜಾನೆ 7.35, 62. ಮನೆಗೆ ಹೋದ ಎರಡರಿಂದ ನಾಲ್ಕು ವಾರದ ಮೇಲೂ ಕಾರ್ಬನ್ ಡೈಆಕ್ಸೈಡ್ 53ಕ್ಕಿಂತ ಮೇಲೇ ಉಳಿದರೆ, ರಾತ್ರಿ ಮನೆಯಲ್ಲೇ ಬೈಪ್ಯಾಪ್ ಹಾಕುವುದು ಲಾಭ. 2017ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗದಲ್ಲಿ, ಮತ್ತೆ ದವಾಖಾನೆ ಸೇರುವುದು ಅಥವಾ ಸಾವು ಬರುವವರೆಗಿನ ಅಂತರ, ಬರೀ ಆಕ್ಸಿಜನ್ ಇದ್ದವರಲ್ಲಿ ಸುಮಾರು 1.4 ತಿಂಗಳು, ಬೈಪ್ಯಾಪ್ ಕೂಡ ಇದ್ದವರಲ್ಲಿ 4.3 ತಿಂಗಳು. ದುಬಾರಿ ನಿಜ, ಕರೆಂಟು ಹೋಗುವ ಹಳ್ಳಿಯಲ್ಲಿ ಬ್ಯಾಟರಿಯೂ ಬೇಕು. ಈ ಖರ್ಚಿನ ಮಾತು ಆಡುವಾಗ ನನಗೆ ಬೇಸರವಾಗುತ್ತದೆ, ಆದರೂ ಆಡಲೇಬೇಕು.

ರಾತ್ರಿ ಮನೆಯಲ್ಲಿ ಏನು ನೋಡಬೇಕು

ದಮ್ಮು ಜಾಸ್ತಿಯಾದರೆ ಎಲ್ಲರೂ ಓಡಿ ಬರುತ್ತಾರೆ. ದಮ್ಮು ಕಡಿಮೆಯಾದಾಗ ಯಾರೂ ಬರುವುದಿಲ್ಲ. ನೋಡಬೇಕಾದದ್ದು ಅಲ್ಲೇ. ದಿನಾ ಕೂತೇ ಇರುವವರು ಇದ್ದಕ್ಕಿದ್ದಂತೆ ಅಂಗಾತ ಮಲಗಿ ಆರಾಮ ಕಂಡರೆ, ಎಬ್ಬಿಸಿ. ಹೆಸರು ಹಿಡಿದು ಕರೆಯಿರಿ, ಭುಜ ಅಲ್ಲಾಡಿಸಿ, "ಇಂದು ಯಾವ ವಾರ?" ಅಂತ ಕೇಳಿ. ನಿದ್ದೆಯವರು ಬೈದಾದರೂ ಉತ್ತರ ಕೊಡುತ್ತಾರೆ. ಕಾರ್ಬನ್ ಡೈಆಕ್ಸೈಡ್ ಏರಿದವರು ಅರ್ಧ ಉತ್ತರಿಸಿ ಮಾತಿನ ಮಧ್ಯದಲ್ಲೇ ಮತ್ತೆ ಜಾರುತ್ತಾರೆ, ಮಾತು ತೊದಲುತ್ತದೆ. ಎರಡೂ ಕೈ ಮುಂದೆ ಚಾಚಿ, ಬಸ್ಸು ನಿಲ್ಲಿಸುವವರ ಹಾಗೆ ಅಂಗೈ ಮೇಲೆತ್ತಿ ಹಿಡಿಯಲು ಹೇಳಿ. ಮಣಿಕಟ್ಟು ತಟಕ್ ತಟಕ್ ಅಂತ ಕೆಳಗೆ ಬಿದ್ದು ಮತ್ತೆ ಏರುತ್ತಿದ್ದರೆ ಅದು ಗಟ್ಟಿ ಗುರುತು. ಚಳಿಯಲ್ಲೂ ಅಂಗೈ ಬೆಚ್ಚಗೆ, ನಾಡಿ ಜೋರು, ಹಣೆಯಲ್ಲಿ ಬೆವರು, ಇವೂ ಅದರ ಜೊತೆಯವೇ.

ಹೀಗೆ ಕಂಡರೆ 108ಕ್ಕೆ ಕರೆ ಮಾಡಿ. ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ. ಆಕ್ಸಿಜನ್ ಪೂರ್ತಿ ಬಂದ್ ಮಾಡಬೇಡಿ, ಒಮ್ಮೆಲೇ ತೆಗೆದರೆ ಮಟ್ಟ ದಡಕ್ಕನೆ ಬೀಳುತ್ತದೆ. ಆಕ್ಸಿಮೀಟರ್ ನೋಡುತ್ತ 88ರಿಂದ 92ಕ್ಕೆ ಬರುವಂತೆ ತಿರುಗಣೆ ಇಳಿಸಿ. ಬಾಯಿಗೆ ನೀರು, ಚಹಾ ಹಾಕಬೇಡಿ. ಮನೆಯಲ್ಲಿರುವ ಎಲ್ಲ ಗುಳಿಗೆ ಪಟ್ಟಿಗಳನ್ನೂ, ಹಳೆಯ ಎಬಿಜಿ ಹಾಳೆಯನ್ನೂ ಒಂದು ಚೀಲದಲ್ಲಿ ಹಾಕಿ ತನ್ನಿ. ಆಂಬುಲೆನ್ಸಿನವರಿಗೆ ಒಂದೇ ಮಾತು ಹೇಳಿ: "ಇವರಿಗೆ ಕಾರ್ಬನ್ ಡೈಆಕ್ಸೈಡ್ ಉಳೀತದ, ಆಕ್ಸಿಜನ್ 92ಕ್ಕಿಂತ ಮ್ಯಾಲ ಬ್ಯಾಡ್ರಿ."

ಮುತ್ಯಾ ಒಂಬತ್ತನೇ ದಿನ ಮನೆಗೆ ಹೋದರು. ತಿಂಗಳಾದ ಮೇಲೆ ತೋರಿಸಲು ಬಂದಾಗ ಮಗ ಮತ್ತೆ ಫೋನು ತೆಗೆದ. ಈ ಸಲ ಆಕ್ಸಿಜನ್ ಮೆಷಿನ್ನಿನ ಫೋಟೊ. ಸೊಸೆ ತಿರುಗಣೆಯ ಮೇಲೆ ಬಿಳಿ ಪ್ಲಾಸ್ಟರ್ ಅಂಟಿಸಿ, ಪೆನ್ನಿನಲ್ಲಿ ದೊಡ್ಡದಾಗಿ 1 ಎಂದು ಬರೆದಿದ್ದಳು. ಪಕ್ಕದ ಗೋಡೆಯ ಕ್ಯಾಲೆಂಡರಿನಲ್ಲಿ ದಿನಾ ಮುಂಜಾನೆಯ ಒಂದು ಗುರುತು. ತಲೆ ನೋವಿದ್ದರೆ ಅಡ್ಡಗೆರೆ, ಇಲ್ಲದಿದ್ದರೆ ಸೊನ್ನೆ. ಕೊನೆಯ ಎರಡು ವಾರ ಸೊನ್ನೆಗಳೇ ಇದ್ದವು.